ಹೊಂಡದ ಮೀನು ಬೆಳಗಿನ ಜಾವ ಬಾಯಿ ಬಿಡುತ್ತದೆ, ಅದೇ ನೀರಿನ ಹುಳ ಆರಾಮಾಗಿರುತ್ತದೆ, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಿವೃತ್ತಿಯಾದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿದ್ದೇನೆ. ತೋಟದ ತಲೆಯಲ್ಲಿ ಒಂದು ಹೊಂಡ ಇದೆ, ಅದರಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇನೆ. ಸುತ್ತಮುತ್ತ ಮೀನು ಬಿಟ್ಟವರು ಕೇಳುವ ಪ್ರಶ್ನೆಗಳೂ, ಅವರ ಮನೆ ಮಕ್ಕಳು ಕೇಳುವ ಪ್ರಶ್ನೆಗಳೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಶ್ವಾಸಕೋಶ ಇಲ್ಲದ ಪ್ರಾಣಿ ಉಸಿರಾಡುವುದು ಹೇಗೆ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಬೆಳಗ್ಗೆ ಐದು ಗಂಟೆಗೆ ಹೊಂಡದ ಹತ್ತಿರ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವೆ. ಹಸಿವೆಯೋ?

ಪಕ್ಕದ ತೋಟದವರೂ ಹಾಗೇ ಅಂದುಕೊಂಡಿದ್ದರು. "ಹಸಿವಾಗಿದೆ ಮಾರಾಯ್ರೆ, ಪಾಪ" ಅಂತ ಎರಡು ಸೇರು ತವುಡು ಎರಚಿದರು. ಮಾರನೇ ದಿನ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲಿದವು.

ಹಸಿದ ಮೀನು ಚುರುಕಾಗಿರುತ್ತದೆ. ನೀವು ದಡದಲ್ಲಿ ಕಾಲು ಬಡಿದರೆ ಪುಳಕ್ಕನೆ ಮುಳುಗುತ್ತದೆ. ಉಸಿರು ಕಟ್ಟಿದ ಮೀನು ಹಾಗಲ್ಲ. ಮೈ ಓರೆ ಮಾಡಿ, ಬಾಯಿಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು, ಚಪ್ಪಾಳೆ ಹೊಡೆದರೂ ಕದಲದೆ ನಿಂತಿರುತ್ತದೆ. ನೋಡುವವರಿಗೆ ಗಾಳಿ ಕುಡಿಯುತ್ತಿದೆ ಅನ್ನಿಸುತ್ತದೆ. ನಿಜವಾಗಿ ಅದು ಕುಡಿಯುತ್ತಿರುವುದು ಮೇಲ್ಮೈಯ ತೆಳು ಪದರದ ನೀರನ್ನು. ಗಾಳಿಗೆ ತಾಗಿಕೊಂಡಿರುವ ಆ ಪದರದಲ್ಲಿ ಮಾತ್ರ ಒಂದಿಷ್ಟು ಆಮ್ಲಜನಕ ಉಳಿದಿರುತ್ತದೆ.

ನೀರೇ ಎಚ್‌ಟುಒ ಅಲ್ಲವೇ? ಅದರಲ್ಲಿ ಆಮ್ಲಜನಕಕ್ಕೆ ಕೊರತೆ ಹೇಗೆ?

ನೀರಿನ ಅಣುವಿನೊಳಗಿರುವ ಆಮ್ಲಜನಕ ಜಲಜನಕಕ್ಕೆ ಕಟ್ಟುಬಿದ್ದದ್ದು. ಮೀನಿಗೆ ಅದು ಸಿಗುವುದಿಲ್ಲ. ಮೀನಿಗೆ ಬೇಕಾದದ್ದು ಗಾಳಿಯಿಂದ ಬಂದು ಅಥವಾ ಪಾಚಿಯಿಂದ ಹೊರಟು, ಸಕ್ಕರೆ ಕರಗಿದ ಹಾಗೆ ನೀರಿನಲ್ಲಿ ಕರಗಿ ನಿಂತ ಆಮ್ಲಜನಕ. ಅದು ಬಹಳ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇದ್ದರೆ, 25 ಡಿಗ್ರಿ ಬಿಸಿಯ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ 6 ಮಿಲಿಲೀಟರ್. ತೂಕದಲ್ಲಿ ಹೇಳಿದರೆ ಲೀಟರಿಗೆ ಸುಮಾರು 8 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ.

ಜೊತೆಗೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಅಂದರೆ ಮೀನು ಭಾರವಾದ ಸರಕನ್ನು ಹೊತ್ತು ಅದರಲ್ಲಿರುವ ಚಿಟಿಕೆಯಷ್ಟು ಮಾಲು ತೆಗೆಯಬೇಕು. ನಮ್ಮ ಹಾಗೆ ಒಳಗೆಳೆದುಕೊಂಡು, ಅದೇ ದಾರಿಯಲ್ಲಿ ಹೊರಗೆ ಬಿಡುವ ಪದ್ಧತಿ ಇಟ್ಟುಕೊಂಡಿದ್ದರೆ ನೀರನ್ನು ನಿಲ್ಲಿಸಿ ತಿರುಗಿಸುವುದಕ್ಕೇ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ಆದ್ದರಿಂದ ಮೀನಿನಲ್ಲಿ ನೀರಿಗೆ ಏಕಮುಖ ಸಂಚಾರ: ಬಾಯಿಂದ ಒಳಗೆ, ಕಿವಿರಿನ ಮೇಲೆ ಹಾದು, ಕೆನ್ನೆಯ ಮುಚ್ಚಳದ ಸಂದಿನಿಂದ ಹೊರಗೆ. ಬಾಯಿ ತಳ್ಳುತ್ತದೆ, ಮುಚ್ಚಳ ಹೊರಕ್ಕೆ ಉಬ್ಬಿ ಸೆಳೆಯುತ್ತದೆ. ಎರಡೂ ಒಂದರ ಹಿಂದೆ ಒಂದು ಕೆಲಸ ಮಾಡುವುದರಿಂದ ಕಿವಿರಿನ ಮೇಲೆ ನೀರು ಹೆಚ್ಚುಕಡಿಮೆ ನಿಲ್ಲದೆ ಹರಿಯುತ್ತಿರುತ್ತದೆ.

ಕಿವಿರು ಅಂದರೆ ಆ ಕೆಂಪು ಕುಚ್ಚೇ ತಾನೆ? ಅದರಲ್ಲಿ ಏನಿದೆ?

ಇದನ್ನು ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಸುಲಭ. ಘಟ್ಟದ ಕೆಳಗಿನಿಂದ ಮೀನಿನ ಗಾಡಿ ಬಂದಾಗ ಬಂಗುಡೆ ತಾಜಾ ಇದೆಯೋ ಅಂತ ಹೇಗೂ ಕೆನ್ನೆ ಎತ್ತಿ ನೋಡುತ್ತೀರಿ. ಮನೆಗೆ ತಂದ ಮೇಲೆ ಆ ಕೆಂಪು ಕಮಾನುಗಳಲ್ಲಿ ಒಂದನ್ನು ಕತ್ತರಿಯಿಂದ ಬಿಡಿಸಿ, ಬಿಳಿ ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಬಿಡಿ. ಪ್ರತಿ ಬದಿಗೆ ಇಂಥ ಕಮಾನು ನಾಲ್ಕು. ಕಮಾನಿನ ಒಳ ಅಂಚಿನಲ್ಲಿ ಬೆಳ್ಳಗೆ ಬಾಚಣಿಗೆ ಹಲ್ಲಿನಂಥವು ಇರುತ್ತವೆ. ಅವು ಆಹಾರ ಸೋಸುವ ಜರಡಿ, ಉಸಿರಿಗೆ ಸಂಬಂಧವಿಲ್ಲ. ಹೊರ ಅಂಚಿನಲ್ಲಿ ಎರಡು ಸಾಲಾಗಿ ಕೆಂಪು ಎಳೆಗಳಿವೆ. ನೀರಿನಲ್ಲಿ ಅವು ನವಿರಾಗಿ ಬಿಡಿಸಿಕೊಳ್ಳುತ್ತವೆ.

ಬರಿಗಣ್ಣಿಗೆ ಕಾಣುವುದು ಇಲ್ಲಿಗೆ ಮುಗಿಯಿತು. ಒಂದು ಎಳೆಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟರೆ ಅದರ ಎರಡೂ ಮೈಮೇಲೆ ಪುಸ್ತಕದ ಹಾಳೆಗಳ ಹಾಗೆ ಪುಟಾಣಿ ಪದರಗಳು ಎದ್ದು ನಿಂತಿರುವುದು ಕಾಣುತ್ತದೆ. ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಯ ಮೀನಿನಲ್ಲಿ ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು ಇಪ್ಪತ್ತು ಹಾಳೆ. ಎರಡು ಹಾಳೆಗಳ ನಡುವಿನ ಸಂದು ತಲೆಕೂದಲಿನ ದಪ್ಪಕ್ಕಿಂತ ಕಿರಿದು. ನೀರು ಹರಿಯುವುದು ಆ ಸಂದಿನಲ್ಲಿ, ರಕ್ತ ಹರಿಯುವುದು ಹಾಳೆಯ ಒಳಗೆ. ನೀರಿಗೂ ರಕ್ತಕ್ಕೂ ನಡುವೆ ಉಳಿಯುವ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು.

ಇಷ್ಟು ತೆಳುವಾಗಿರಲೇಬೇಕು, ಯಾಕೆಂದರೆ ಗೋಡೆ ದಾಟಿಸಲು ಯಾವ ಪಂಪೂ ಇಲ್ಲ. ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಡಿಕೊಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆ ವಿಸರಣೆ ಎನ್ನುತ್ತಾರೆ. ಮೂಲೆಯಲ್ಲಿ ಹಚ್ಚಿದ ಊದುಬತ್ತಿಯ ವಾಸನೆ ಇಡೀ ಕೋಣೆಗೆ ಹರಡುವುದನ್ನು ಇದಕ್ಕೆ ಉದಾಹರಣೆ ಕೊಡುತ್ತಾರೆ. ಅದು ಪೂರ್ತಿ ಸರಿಯಲ್ಲ, ಅಲ್ಲಿ ಗಾಳಿಯ ಓಡಾಟದ ಪಾಲೇ ಹೆಚ್ಚು. ನಿಜವಾದ ವಿಸರಣೆ ಹತ್ತಿರಕ್ಕೆ ಬಹಳ ವೇಗ, ದೂರಕ್ಕೆ ಬಹಳ ನಿಧಾನ. ದೂರ ಹತ್ತು ಪಟ್ಟಾದರೆ ಬೇಕಾಗುವ ಹೊತ್ತು ನೂರು ಪಟ್ಟು. ನಿಂತ ನೀರಿನಲ್ಲಿ ಆಮ್ಲಜನಕದ ಅಣು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ದಾಟಲು ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತು ಬೇಡ. ಒಂದು ಮಿಲಿಮೀಟರಿಗೆ ಸುಮಾರು ನಾಲ್ಕು ನಿಮಿಷ ಬೇಕು. ಒಂದು ಸೆಂಟಿಮೀಟರಿಗೆ ಏಳು ಗಂಟೆ! ಹೊಂಡದ ಮೇಲ್ಮೈಯ ತೆಳು ಪದರ ಬಿಟ್ಟು ಕೆಳಗಿನ ನೀರಿಗೆ ರಾತ್ರಿಯಿಡೀ ಗಾಳಿಯಿಂದ ಏನೂ ಇಳಿಯದ ಹಾಗಿರುವುದು ಇದರಿಂದಲೇ.

'ಎದುರು ಹರಿವು' ಅಂತ ಮಕ್ಕಳ ಪುಸ್ತಕದಲ್ಲಿದೆ, ಕಿವಿರಿನಲ್ಲಿ ನೀರು ಒಂದು ಕಡೆಗೆ, ರಕ್ತ ಅದರ ಎದುರು ಕಡೆಗೆ ಹರಿಯುತ್ತದಂತೆ. ಒಂದೇ ಕಡೆ ಹರಿದರೂ ರಕ್ತಕ್ಕೆ ಆಮ್ಲಜನಕ ಸಿಗುವುದಿಲ್ಲವೇ?

ಸಿಗುತ್ತದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡೋಣ. ಲೆಕ್ಕ ಸುಲಭವಾಗಲೆಂದು ಒಳಗೆ ಬರುವ ನೀರಿನ ಆಮ್ಲಜನಕ 100, ಹೃದಯದಿಂದ ಬರುವ ರಕ್ತದ್ದು 0 ಅಂತಿಟ್ಟುಕೊಳ್ಳಿ. ಎರಡಕ್ಕೂ ಆಮ್ಲಜನಕ ಸಾಗಿಸುವ ಶಕ್ತಿ ಒಂದೇ ಇರಲಿ.

ಮೊದಲು ಎರಡೂ ಒಂದೇ ದಿಕ್ಕಿಗೆ ಹರಿಯಲಿ. ಹಾಳೆಯ ಆರಂಭದಲ್ಲಿ 100ರ ಎದುರು 0, ಅಂತರ ದೊಡ್ಡದು, ಆಮ್ಲಜನಕ ಧುಮುಕಿದ ಹಾಗೆ ದಾಟುತ್ತದೆ. ಸ್ವಲ್ಪ ಮುಂದೆ ನೀರು 70, ರಕ್ತ 30. ಇನ್ನೂ ಮುಂದೆ 55ಕ್ಕೆ 45. ಕೊನೆಗೆ ಎರಡೂ 50. ಅಲ್ಲಿಂದಾಚೆ ಹಾಳೆ ಎಷ್ಟೇ ಉದ್ದ ಇರಲಿ, ಒಂದು ಅಣುವೂ ಲಾಭವಿಲ್ಲ. ಅರ್ಧ ಆಮ್ಲಜನಕ ಹೊತ್ತ ನೀರು ಹೊರಗೆ ಹೋಗಿಬಿಡುತ್ತದೆ.

ಈಗ ರಕ್ತವನ್ನು ತಿರುಗಿಸಿ. ನೀರು ಎಡದಿಂದ ಬಲಕ್ಕೆ, ರಕ್ತ ಬಲದಿಂದ ಎಡಕ್ಕೆ. ಬಲ ತುದಿಯಲ್ಲಿ ಒಳಬರುವ ಖಾಲಿ ರಕ್ತಕ್ಕೆ ಸಿಗುವುದು ಆಗಲೇ ಬಹುಪಾಲು ಕಳೆದುಕೊಂಡ, 20ಕ್ಕೆ ಇಳಿದ ನೀರು. ಆದರೂ 20 ಅನ್ನುವುದು 0ಗಿಂತ ಹೆಚ್ಚು ತಾನೆ, ಆಮ್ಲಜನಕ ದಾಟುತ್ತದೆ. ರಕ್ತ 20ಕ್ಕೆ ಏರುವ ಹೊತ್ತಿಗೆ ಅದರ ಎದುರಿಗೆ 40ರ ನೀರು. ರಕ್ತ 40 ಆದಾಗ ಎದುರಿಗೆ 60. ರಕ್ತ 80 ಆಗಿ ಎಡ ತುದಿಯಿಂದ ಹೊರಡುವಾಗ ಅದಕ್ಕೆ ತಾಗುವುದು ಆಗತಾನೆ ಬಾಯಿಂದ ಬಂದ 100ರ ತಾಜಾ ನೀರು. ಉದ್ದಕ್ಕೂ 20ರ ಅಂತರ ಎಲ್ಲೂ ಮುಗಿಯಲಿಲ್ಲ. ಹಾಳೆಯ ಪ್ರತಿ ಅಂಗುಲ, ಅಲ್ಲ, ಪ್ರತಿ ಕೂದಲೆಳೆಯಷ್ಟು ಜಾಗವೂ ದುಡಿಯಿತು. ಒಂದೇ ದಿಕ್ಕಿನಲ್ಲಿ 50 ಸಿಕ್ಕಿದ ಕಡೆ ಇಲ್ಲಿ 80 ಸಿಕ್ಕಿತು. ನೀರೂ ಅದೇ, ರಕ್ತವೂ ಅದೇ, ಬದಲಾದದ್ದು ದಿಕ್ಕು ಮಾತ್ರ.

ನಿಜವಾದ ಮೀನಿನಲ್ಲಿ ಒಳಬರುವ ರಕ್ತ ಪೂರ್ತಿ ಖಾಲಿ ಇರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಆಮ್ಲಜನಕ ಹಿಡಿಯುವುದರಿಂದ ಮೀನು ರಕ್ತಕ್ಕಿಂತ ಹತ್ತಿಪ್ಪತ್ತು ಪಟ್ಟು ನೀರನ್ನು ಕಿವಿರಿನ ಮೇಲೆ ದೂಡಬೇಕಾಗುತ್ತದೆ. ಲೆಕ್ಕದ ಅಂಕಿ ಬದಲಾಗಬಹುದು, ತಿರುಳು ಬದಲಾಗುವುದಿಲ್ಲ.

ಇದು ಬರೀ ಕಾಗದದ ಲೆಕ್ಕವೋ, ಯಾರಾದರೂ ನೋಡಿದ್ದಾರೋ?

ನೋಡಿದ್ದಾರೆ, ಅದೂ ಚೆಂದದ ಉಪಾಯದಿಂದ. ಹಾಜೆಲ್‌ಹಾಫ್ ಮತ್ತು ಎವೆನ್‌ಹೌಸ್ ಎಂಬಿಬ್ಬರು 1952ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಟೆಂಚ್ ಎಂಬ ಯುರೋಪಿನ ಗೆಂಡೆ ಜಾತಿಯ ಮೀನಿನ ಕಿವಿರಿನ ಮೇಲೆ ನೀರನ್ನು ಉಲ್ಟಾ, ಅಂದರೆ ಮುಚ್ಚಳದ ಕಡೆಯಿಂದ ಬಾಯಿಯ ಕಡೆಗೆ ಹರಿಸಿದರು. ಸರಿಯಾದ ದಿಕ್ಕಿನಲ್ಲಿ ನೀರಿನ ಆಮ್ಲಜನಕದಲ್ಲಿ ನೂರಕ್ಕೆ 51 ಪಾಲು ಹೀರುತ್ತಿದ್ದ ಮೀನು ಉಲ್ಟಾ ಹರಿವಿನಲ್ಲಿ ಹೀರಿದ್ದು 9 ಪಾಲು. ನನ್ನ ಕಾಗದದ ಲೆಕ್ಕದ ಪ್ರಕಾರ ಅದು ಅರ್ಧದ ಹತ್ತಿರ ನಿಲ್ಲಬೇಕಿತ್ತು. ಅಷ್ಟು ಕೆಳಗಿಳಿಯಿತು ಅಂದರೆ ದಿಕ್ಕು ತಪ್ಪಿದ್ದರ ಜೊತೆಗೆ ಎಳೆಗಳ ಜೋಡಣೆಯೂ ಕೆಟ್ಟಿರಬೇಕು ಅನ್ನುವುದು ನನ್ನ ಎಣಿಕೆ. ಬಾಚಿದ ಕೂದಲನ್ನು ಹಿಂದಿನಿಂದ ಮುಂದಕ್ಕೆ ಬಾಚಿದ ಹಾಗೆ.

ಗಾಳಿಯಲ್ಲಿ ಅಷ್ಟೊಂದು ಆಮ್ಲಜನಕ ಇದ್ದೂ ದಡಕ್ಕೆ ಹಾಕಿದ ಮೀನು ಸಾಯುವುದೇಕೆ?

ತಟ್ಟೆಯಲ್ಲಿ ಬಿಟ್ಟ ಬಂಗುಡೆ ಕಮಾನನ್ನು ಈಗ ಚಿಮ್ಮಟದಿಂದ ಮೇಲೆತ್ತಿ. ಬಿಡಿಬಿಡಿಯಾಗಿದ್ದ ಎಳೆಗಳು ನೀರಿನಿಂದೆದ್ದ ಬಣ್ಣದ ಕುಂಚದ ಹಾಗೆ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗುತ್ತವೆ. ಹಾಳೆಗಳನ್ನು ಬಿಡಿಸಿ ಹಿಡಿದಿದ್ದುದು ನೀರಿನ ಆಸರೆ. ಅದು ತಪ್ಪಿದ ಕೂಡಲೇ ಒದ್ದೆ ಪುಸ್ತಕದ ಹಾಳೆಗಳಂತೆ ಮೆತ್ತಿಕೊಂಡು, ಉಸಿರಾಡುವ ಮೈಯ ಬಹುಪಾಲು ಒಳಗೇ ಮುಚ್ಚಿಹೋಗುತ್ತದೆ. ಆಮೇಲೆ ಒಣಗುವುದು ಬೇರೆ. ಉಣ್ಣಲು ರಾಶಿ ಇದೆ, ಬಾಯೇ ಹೊಲಿದುಹೋಗಿದೆ.

ಕೊರವ ಮೀನು ಮಾತ್ರ ಬುಟ್ಟಿಯಲ್ಲಿ ಗಂಟೆಗಟ್ಟಲೆ ಬದುಕುತ್ತದಲ್ಲ?

ಅದಕ್ಕೆ ಕಿವಿರಿನ ಮೇಲ್ಭಾಗದಲ್ಲಿ ಗಾಳಿ ತುಂಬಿಕೊಳ್ಳುವ ಒಂದು ಗೂಡು ಇದೆ, ಗೂಡಿನ ಒಳಮೈಯಲ್ಲಿ ರಕ್ತನಾಳಗಳ ಜಾಲ. ಬಾಯಿಂದ ಗಾಳಿ ನುಂಗಿ ಅಲ್ಲಿಟ್ಟುಕೊಳ್ಳುತ್ತದೆ. ಇದು ಅದಕ್ಕೆ ಹೆಚ್ಚುವರಿ ಸೌಕರ್ಯ ಅಲ್ಲ, ಅನಿವಾರ್ಯ. ಬೆಳೆದ ಕೊರವವನ್ನು ಮೇಲೆ ಬರಲು ಬಿಡದೆ ಬಲೆಯಲ್ಲಿ ನೀರಿನಡಿ ಹಿಡಿದಿಟ್ಟರೆ ಮುಳುಗಿ ಸಾಯುತ್ತದೆ. ಮೀನು ಮುಳುಗಿ ಸತ್ತಿತು ಅಂದರೆ ನಗುತ್ತಾರೆ, ಆದರೆ ಮಾತು ನಿಜ.

ನಮ್ಮ ಹೊಂಡದಲ್ಲಿ ಹಗಲು ಏನೂ ಆಗದೆ ಬೆಳಗಿನ ಜಾವವೇ ಹೀಗಾಗುವುದೇಕೆ? ಅದೂ ಮೋಡ ಕವಿದ ದಿನದ ಮಾರನೆಯ ದಿನ?

ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ, ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಹೊಂಡದ ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಇದೆ. ಹಗಲು ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಮೀನಿನ ಹಾಗೆ ಆಮ್ಲಜನಕ ತಿನ್ನುತ್ತದೆ. ತಳದ ಕೆಸರಿನಲ್ಲಿ ಕೊಳೆಯುವ ಎಲೆ, ಸಗಣಿ, ಉಳಿದ ತವುಡು ಹಗಲೂ ರಾತ್ರಿ ತಿನ್ನುತ್ತಲೇ ಇರುತ್ತವೆ.

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂವರೆ ಮೀಟರ್ ನೀರಿರುವ ಹೊಂಡ ತೆಗೆದುಕೊಳ್ಳಿ. ಒಂದೂವರೆ ಲಕ್ಷ ಲೀಟರ್ ನೀರಾಯಿತು. ಬಿಸಿಲಿನ ದಿನ ಸಂಜೆ ಆರಕ್ಕೆ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಇದ್ದರೆ ಇಡೀ ಹೊಂಡದಲ್ಲಿ 1,200 ಗ್ರಾಂ. ಇದೇ ರಾತ್ರಿಯ ಬುತ್ತಿ. ಮೀನು ಒಟ್ಟು 100 ಕಿಲೋ ಇದೆ, ಕಿಲೋಗೆ ಗಂಟೆಗೆ ಕಾಲು ಗ್ರಾಂ ಆಮ್ಲಜನಕ ಬೇಕು ಅಂತಿಟ್ಟರೆ ಗಂಟೆಗೆ 25 ಗ್ರಾಂ. ಪಾಚಿ ಮತ್ತು ಕೆಸರು ಸೇರಿ ಗಂಟೆಗೆ 60 ಗ್ರಾಂ ತಿನ್ನುತ್ತವೆ ಅನ್ನೋಣ. ಒಟ್ಟು ಖರ್ಚು ಗಂಟೆಗೆ 85. ಗೆಂಡೆ ಜಾತಿಗೆ ಲೀಟರಿಗೆ 2 ಮಿಲಿಗ್ರಾಂ, ಅಂದರೆ ಈ ಹೊಂಡದಲ್ಲಿ 300 ಗ್ರಾಂ, ಒದ್ದಾಟ ಶುರುವಾಗುವ ಗಡಿ. 1,200ರಿಂದ 300ಕ್ಕೆ ಇಳಿಯಲು ಹತ್ತೂವರೆ ಗಂಟೆ ಬೇಕು. ಬೆಳಗಿನ ಜಾವ ನಾಲ್ಕೂವರೆ ಆಯಿತು. ಮೀನು ಮೇಲೆ ಬಂದವು, ಇನ್ನೊಂದೆರಡು ಗಂಟೆ ಬಾಯಿ ಬಿಟ್ಟವು, ಅಷ್ಟರಲ್ಲಿ ಸೂರ್ಯ ಬಂದ, ಪಾಚಿ ಕೆಲಸ ಶುರು ಮಾಡಿತು, ಬಚಾವ್.

ಮೋಡದ ದಿನ ಪಾಚಿ ಅರೆಹೊಟ್ಟೆ ದುಡಿದಿರುತ್ತದೆ. ಸಂಜೆ 6 ಮಿಲಿಗ್ರಾಂ, ಬುತ್ತಿ 900 ಗ್ರಾಂ. ಖರ್ಚು ಮಾತ್ರ ಅಷ್ಟೇ. ಗಡಿ ಮುಟ್ಟುವುದು ರಾತ್ರಿ ಒಂದು ಗಂಟೆಗೆ. ಬೆಳಕಿಗೆ ಇನ್ನೂ ಐದು ಗಂಟೆ ಇದೆ. ನೀವು ಮಲಗಿರುತ್ತೀರಿ. ಕೊರತೆ ಹೆಚ್ಚಾದಂತೆ ಎಲ್ಲರ ಬಳಕೆಯೂ ಕೊಂಚ ಇಳಿಯುತ್ತದೆ, ಗಾಳಿ ಬೀಸಿದರೆ ಮೇಲಿಂದ ಒಂದಿಷ್ಟು ಸೇರುತ್ತದೆ, ಆದ್ದರಿಂದ ಗಡಿಯಾರದ ಹಾಗೆ ನಡೆಯುವುದಿಲ್ಲ. ಆದರೂ ತವುಡು ಎರಚಿದ ನೆರೆಯವರ ಹೊಂಡದಲ್ಲಿ ಆದದ್ದು ಇದೇ. ತಿನ್ನದೆ ಉಳಿದ ತವುಡು ಕೊಳೆತು ಕೆಸರಿನ ಖರ್ಚನ್ನು ಇನ್ನೂ ಏರಿಸಿತು.

ಇನ್ನೊಂದು ಸಂದರ್ಭ ಬೇಸಿಗೆಯ ಕೊನೆಗೆ ಬರುವ ಮೊದಲ ಜಡಿಮಳೆ. ಮಳೆಯ ತಣ್ಣೀರು ಭಾರವಾಗಿ ಕೆಳಗಿಳಿದು, ತಳದ ಉಸಿರಿಲ್ಲದ ನೀರನ್ನು ಮೇಲಕ್ಕೆ ಬೆರೆಸಿಬಿಡುತ್ತದೆ. ಆಗ ಹಗಲಿನಲ್ಲೂ ಮೀನು ತೇಲಬಹುದು.

ಉಸಿರುಕಟ್ಟಿ ಸತ್ತದ್ದೋ, ವಿಷದಿಂದ ಸತ್ತದ್ದೋ ಹೇಗೆ ಗೊತ್ತಾಗುತ್ತದೆ?

ಆಮ್ಲಜನಕದ ಕೊರತೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತದೆ, ಮರಿಗಳು ಮೇಲಿನ ಪದರದಲ್ಲಿ ಹೇಗೋ ಉಳಿಯುತ್ತವೆ. ಸತ್ತ ಮೀನಿನ ಬಾಯಿ ಅಗಲವಾಗಿ ತೆರೆದಿರುತ್ತದೆ, ಕಿವಿರಿನ ಮುಚ್ಚಳ ಉಬ್ಬಿರುತ್ತದೆ. ಹೊಂಡದಲ್ಲಿ ಕೊರವ ಇದ್ದರೆ ಅದು ಬದುಕಿರುತ್ತದೆ. ಸಾವು ನಡೆಯುವುದು ರಾತ್ರಿ. ವಿಷವಾದರೆ ಹೊತ್ತಿನ ಲೆಕ್ಕವಿಲ್ಲ, ದೊಡ್ಡದು ಚಿಕ್ಕದು ಅನ್ನುವ ಭೇದವಿಲ್ಲ, ಹುಳಹುಪ್ಪಟೆಯೂ ಸತ್ತಿರುತ್ತದೆ.

ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ: ಆ ವಾರ ಅಡಿಕೆ ಕೊನೆಗಳಿಗೆ ಔಷಧಿ ಹೊಡೆದಿದ್ದೀರಾ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಅದರ ತಾಮ್ರ ನೀರಿಗಿಳಿದರೆ ಮೊದಲು ಪೆಟ್ಟು ಬೀಳುವುದು ಕಿವಿರಿಗೇ. ಕಿವಿರು ಉಸಿರಾಟದ ಜೊತೆಗೆ ಮೀನಿನ ಮೈಯ ಉಪ್ಪನ್ನೂ ಕಾಯುವ ಅಂಗ. ತಾಮ್ರ ಆ ಕೆಲಸ ಕೆಡಿಸುತ್ತದೆ, ಹಾಳೆಗಳು ಊದಿಕೊಂಡು ಲೋಳೆ ಸುರಿಸುತ್ತವೆ. ನೀರಿನಿಂದ ರಕ್ತಕ್ಕಿದ್ದ ದಾರಿ ಉದ್ದವಾಯಿತು ಅಂದರೆ ಹೊತ್ತು ಎಷ್ಟು ಪಟ್ಟು ಏರುತ್ತದೆ ಅಂತ ಮೇಲೆ ನೋಡಿದ್ದೇವೆ. ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ತಾಮ್ರ ಇನ್ನೂ ಕ್ರೂರಿ, ಮಲೆನಾಡಿನ ಹಳ್ಳಗಳ ನೀರು ಹೆಚ್ಚಾಗಿ ಮೆದುವೇ. ದ್ರಾವಣದ ಡ್ರಮ್ಮು ತೊಳೆದ ನೀರನ್ನು ಹೊಂಡದ ಕಡೆ ಹರಿಸಬೇಡಿ.

ಮೀನು ಬಾಯಿ ಬಿಡುತ್ತಿರುವುದು ಈಗಲೇ ಕಂಡರೆ?

ಮೋಟರ್ ಹಾಕಿ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ, ಎತ್ತರದಿಂದ ಸೀಳಿಕೊಂಡು ಬೀಳುವ ಹಾಗೆ ಮತ್ತೆ ಹೊಂಡಕ್ಕೇ ಬಿಡಿ. ಹನಿಯಾದಷ್ಟೂ ಗಾಳಿಯಿಂದ ನೀರಿನೊಳಕ್ಕೆ ಆಮ್ಲಜನಕ ಸಾಗಬೇಕಾದ ದೂರ ಕಡಿಮೆ. ಬೋರ್‌ವೆಲ್ ನೀರನ್ನು ನೇರ ಪೈಪಿನಿಂದ ಬಿಡಬೇಡಿ, ನೆಲದಡಿಯ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರಬಹುದು. ಅದನ್ನೂ ಚಿಮ್ಮಿಸಿಯೇ ಬಿಡಬೇಕು. ತಳದ ಕೆಸರು ಕದಡಬೇಡಿ. ಎರಡು ದಿನ ತಿನ್ನಲು ಏನೂ ಹಾಕಬೇಡಿ.

ತುಂಗಾ ತೀರದ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಜನ ಮಂಡಕ್ಕಿ ಎರಚಿದಾಗ ಅಷ್ಟೊಂದು ಮೀನು ಒತ್ತೊತ್ತಾಗಿ ಬಾಯಿ ಬಿಡುತ್ತವಲ್ಲ, ಅದು ನಿಜವಾಗಿ ತಿನ್ನಲು. ತುಂಗೆ ಹರಿಯುವ ನದಿ, ಬಂಡೆಗೆ ಬಡಿದು ನೊರೆಯಾಗುವ ನೀರು. ಹೊಂಡಕ್ಕೆ ಆ ಭಾಗ್ಯ ಇಲ್ಲ.

ಮೀನು ಸಾಯುತ್ತಿದ್ದ ಅದೇ ನೀರಿನಲ್ಲಿ ನೀರುದುಂಬಿ, ಸೊಳ್ಳೆಮರಿ ಎಲ್ಲ ಚೆನ್ನಾಗಿಯೇ ಇದ್ದವು. ಅವಕ್ಕೆ ಆಮ್ಲಜನಕ ಬೇಡವೇ?

ಬೇಕು. ಆದರೆ ಅವು ನೀರಿನ ಆಮ್ಲಜನಕವನ್ನು ನಂಬಿಕೊಂಡಿಲ್ಲ. ಮೀನು ಆಮ್ಲಜನಕವನ್ನು ರಕ್ತಕ್ಕೆ ಹತ್ತಿಸಿ, ರಕ್ತ ಅದನ್ನು ಮೈಯೆಲ್ಲ ಹೊತ್ತು ತಿರುಗುತ್ತದೆ. ಕೀಟ ಈ ದಲ್ಲಾಳಿಯನ್ನೇ ಬಿಟ್ಟಿದೆ. ಗಾಳಿಯನ್ನೇ ಕೊಳವೆಯಲ್ಲಿ ಪ್ರತಿ ಜೀವಕೋಶದ ಬಾಗಿಲವರೆಗೆ ಒಯ್ಯುತ್ತದೆ.

ಅಡಿಕೆ ಬುಡ ಬಿಡಿಸುವಾಗ ಸಿಗುವ ಬೇರುಹುಳವನ್ನು ಅಂಗೈಯಲ್ಲಿಟ್ಟು ನೋಡಿ. ಬಿಳಿ ಮೈಯ ಪಕ್ಕದಲ್ಲಿ ಸಾಲಾಗಿ ಕಂದು ಚುಕ್ಕೆ ಕಾಣುತ್ತವೆ, ಒಂದು ಬದಿಗೆ ಒಂಬತ್ತು. ಒಂದು ಎದೆಯ ಮುಂಭಾಗದಲ್ಲಿ, ಎಂಟು ಹೊಟ್ಟೆಯ ಮೇಲೆ. ಅವೇ ಶ್ವಾಸರಂಧ್ರಗಳು, ಅದರ ಮೂಗಿನ ಹೊಳ್ಳೆಗಳು. ಪ್ರತಿ ರಂಧ್ರದಿಂದ ಒಳಕ್ಕೆ ಶ್ವಾಸನಾಳ ಹೊರಡುತ್ತದೆ. ಕುಸಿಯದಿರಲೆಂದು ನಾಳದ ಗೋಡೆಗೆ ಸ್ಪ್ರಿಂಗಿನ ಹಾಗೆ ಸುರುಳಿ ಬಿಗಿದಿರುತ್ತದೆ, ವ್ಯಾಕ್ಯೂಮ್ ಕ್ಲೀನರಿನ ಪೈಪ್ ನೆನಪಿಸಿಕೊಳ್ಳಿ. ನಾಳ ಕವಲೊಡೆದು ಕವಲೊಡೆದು ಕೊನೆಗೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣ ಕಿರುನಾಳಗಳಾಗಿ ಸ್ನಾಯುವಿನ ಕೋಶಕ್ಕೆ ತಾಗಿ ನಿಲ್ಲುತ್ತದೆ. ಕೀಟವನ್ನು ಹೊಸಕಿದರೆ ಕೆಂಪು ರಕ್ತ ಬಾರದೆ ಹಳದಿ ಅಥವಾ ಹಸಿರು ನೀರು ಬರುವುದು ಇದಕ್ಕೇ. ಅದಕ್ಕೆ ಆಮ್ಲಜನಕ ಹೊರುವ ಕೆಲಸ ಇಲ್ಲ. ಸೊಳ್ಳೆ ಹೊಡೆದಾಗ ಕಾಣುವ ಕೆಂಪು ನಿಮ್ಮದೇ.

ಇದಕ್ಕೊಂದು ಅಪವಾದ ಹೊಂಡದ ಕೆಸರಿನಲ್ಲೇ ಇದೆ. ಕುಟುಕದ ಒಂದು ಜಾತಿಯ ಸೊಳ್ಳೆಯಂಥ ನೊಣದ ಮರಿ ಕೆಂಪು ದಾರದ ಹಾಗೆ ಇರುತ್ತದೆ. ಉಸಿರಿಲ್ಲದ ಕೆಸರಿನಲ್ಲಿ ಬದುಕಲು ಅದು ಹಿಮೋಗ್ಲೋಬಿನ್ ಇಟ್ಟುಕೊಂಡಿದೆ.

ಪಂಪೇ ಇಲ್ಲದೆ ಬರೀ ಕೊಳವೆಯಲ್ಲಿ ಗಾಳಿ ಒಳಗೆ ಹೋಗುವುದು ಹೇಗೆ?

ಮತ್ತೆ ಅದೇ ವಿಸರಣೆ. ಆದರೆ ಇಲ್ಲಿ ದಾರಿ ನೀರಿನದಲ್ಲ, ಗಾಳಿಯದು. ಗಾಳಿಯಲ್ಲಿ ಆಮ್ಲಜನಕ ನೀರಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಬೇಗ ಹರಡುತ್ತದೆ. ನೀರಿನಲ್ಲಿ ಏಳು ಗಂಟೆ ಬೇಕಾದ ಆ ಒಂದು ಸೆಂಟಿಮೀಟರಿಗೆ ಗಾಳಿಯಲ್ಲಿ ಎರಡೂವರೆ ಸೆಕೆಂಡು ಸಾಕು. ಸುಮ್ಮನೆ ಬಿದ್ದಿರುವ ಹುಳಕ್ಕೆ ಇದು ಧಾರಾಳ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1920ರಲ್ಲಿ ಒಂದು ದೊಡ್ಡ ಮರಕೊರಕ ಹುಳದ ನಾಳಗಳನ್ನು ಅಳೆದು, ವಿಸರಣೆಯೊಂದರಿಂದಲೇ ಅದರ ಉಸಿರು ನಡೆಯಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಅವರಿಗೆ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ, ರಕ್ತದ ಲೋಮನಾಳಗಳ ಬಗೆಗಿನದಕ್ಕೆ.

ಹಾರುವ ಕೀಟಕ್ಕೆ ಇಷ್ಟು ಸಾಲದು. ಪೆಟ್ಟಿಗೆಯ ಬಾಗಿಲಲ್ಲಿ ಆಗತಾನೆ ಬಂದು ಕೂತ ತುಡುವೆ ಜೇನನ್ನು ನೋಡಿ, ಹೊಟ್ಟೆ ಹಿಂದೆ ಮುಂದೆ ಮಿಡಿಯುತ್ತಿರುತ್ತದೆ. ನಾಳಗಳು ಅಲ್ಲಲ್ಲಿ ಉಬ್ಬಿ ಗಾಳಿಚೀಲಗಳಾಗಿವೆ, ಹೊಟ್ಟೆಯ ಮಿಡಿತ ಅವನ್ನು ತಿದಿಯ ಹಾಗೆ ಒತ್ತುತ್ತದೆ. ಮಿಡತೆಯಲ್ಲೂ ಕಾಣಬಹುದು. ಕಿರುನಾಳದ ತುದಿಯಲ್ಲಿ ಇನ್ನೂ ಒಂದು ಸೂಕ್ಷ್ಮ ಏರ್ಪಾಡಿದೆ. ವಿಶ್ರಾಂತಿಯಲ್ಲಿ ಅಲ್ಲಿ ಚೂರು ದ್ರವ ತುಂಬಿರುತ್ತದೆ. ಸ್ನಾಯು ದುಡಿಯಲು ಶುರುಮಾಡಿದಾಗ ಆ ದ್ರವ ಕೋಶದೊಳಕ್ಕೆ ಸರಿದು ಗಾಳಿ ಇನ್ನೂ ಹತ್ತಿರ ಬರುತ್ತದೆ. ನಿಧಾನದ ದಾರಿಯನ್ನು ಕೊನೆಯ ಕೂದಲೆಳೆಯಷ್ಟೂ ಉಳಿಸಬಾರದು ಅನ್ನುವ ಜಿಪುಣತನ.

ಹಾಗಾದರೆ ರಂಧ್ರಗಳನ್ನು ಸದಾ ತೆರೆದಿಡಬಾರದೇಕೆ ಅಂದರೆ, ಮೈಯ ನೀರು ಆವಿಯಾಗಿ ಹೋಗುತ್ತದೆ. ಬಹಳ ಕೀಟಗಳ ರಂಧ್ರಕ್ಕೆ ಕದ ಇದೆ, ಬೇಕಾದಾಗ ಮಾತ್ರ ತೆಗೆಯುತ್ತವೆ.

ನೀರುದುಂಬಿ ಮುಳುಗಿದಾಗ ಹಿಂಭಾಗದಲ್ಲಿ ಬೆಳ್ಳಿಯ ಗುಳ್ಳೆ ಹೊಳೆಯುತ್ತದೆ. ಅದು ಸಿಲಿಂಡರೇ?

ಸಿಲಿಂಡರೂ ಹೌದು, ಕಿವಿರೂ ಹೌದು, ನನಗೆ ಬಹಳ ಇಷ್ಟದ ವಿಷಯ ಇದು. ದುಂಬಿ ಮೇಲೆ ಬಂದು ರೆಕ್ಕೆಚಿಪ್ಪಿನಡಿ ಗಾಳಿ ತುಂಬಿಕೊಂಡು ಮುಳುಗುತ್ತದೆ. ಶ್ವಾಸರಂಧ್ರಗಳು ಆ ಗಾಳಿಗೆ ತೆರೆದುಕೊಂಡಿವೆ. ದುಂಬಿ ಆಮ್ಲಜನಕ ಬಳಸಿದಂತೆ ಗುಳ್ಳೆಯಲ್ಲಿ ಅದರ ಪಾಲು ಸುತ್ತಲಿನ ನೀರಿಗಿಂತ ಕಡಿಮೆಯಾಗುತ್ತದೆ, ಆಗ ನೀರಿನಿಂದ ಗುಳ್ಳೆಗೆ ಆಮ್ಲಜನಕ ಹರಡಿಕೊಂಡು ಬರುತ್ತದೆ. ಇತ್ತ ಗುಳ್ಳೆಯ ಸಾರಜನಕ ನಿಧಾನವಾಗಿ ನೀರಿಗೆ ಕರಗಿ ಹೋಗುತ್ತಿರುತ್ತದೆ. ಅದು ಮುಗಿದರೆ ಗುಳ್ಳೆಯೇ ಇಲ್ಲ. ಅಷ್ಟರೊಳಗೆ ಮೊದಲು ತುಂಬಿಕೊಂಡದ್ದಕ್ಕಿಂತ ಹಲವು ಪಟ್ಟು ಆಮ್ಲಜನಕ ಸಿಕ್ಕಿರುತ್ತದೆ. ಗುಳ್ಳೆಯ ಆಯುಷ್ಯ ಕಾಯುವುದು ಉಸಿರಿಗೆ ಬೇಡದ ಸಾರಜನಕ.

ಉಸಿರುಕಟ್ಟಿದ ಹೊಂಡದಲ್ಲಿ ಈ ಕಿವಿರಾಟ ನಡೆಯುವುದಿಲ್ಲ, ನೀರಿನಲ್ಲೇ ಇಲ್ಲವಲ್ಲ. ಆಗ ಗುಳ್ಳೆ ಬರೀ ಸಿಲಿಂಡರ್. ದುಂಬಿ ಪದೇ ಪದೇ ಮೇಲೆ ಬರುತ್ತದೆ, ಅಷ್ಟೇ, ಸಾಯುವುದಿಲ್ಲ. ಬೆಳಗಿನ ಜಾವ ಟಾರ್ಚ್ ಬಿಟ್ಟು ದುಂಬಿಗಳು ಎಷ್ಟು ಬೇಗ ಬೇಗ ಮೇಲೆ ಬರುತ್ತಿವೆ ಅಂತ ನೋಡುವುದು ನನಗೆ ಮೀನು ಬಾಯಿ ಬಿಡುವುದಕ್ಕೆ ಮುಂಚಿನ ಸೂಚನೆ.

ನಿಂತ ನೀರಿಗೆ ಸೀಮೆಎಣ್ಣೆ ಬಿಟ್ಟರೆ ಸೊಳ್ಳೆಮರಿ ಸಾಯುತ್ತದಲ್ಲ, ಅದೂ ಉಸಿರಿನ ವಿಷಯವೇ?

ಬಹುಮಟ್ಟಿಗೆ ಹೌದು. ಸೊಳ್ಳೆಮರಿ ತಲೆಕೆಳಗಾಗಿ ತೂಗಿಕೊಂಡು ಬಾಲದ ಕೊಳವೆಯನ್ನು ನೀರಿನ ಮೇಲೆ ತೆರೆಯುತ್ತದೆ. ಎಣ್ಣೆ ಆ ಕೊಳವೆಯೊಳಕ್ಕೆ ಹೊಕ್ಕು ಗಾಳಿಯ ದಾರಿ ಮುಚ್ಚುತ್ತದೆ. ಅನಾಫಿಲಿಸ್ ಜಾತಿಯದಕ್ಕೆ ಕೊಳವೆ ಇಲ್ಲ, ಮೇಲ್ಮೈಗೆ ಸಮನಾಗಿ ಮಲಗಿ ಬೆನ್ನಿನ ರಂಧ್ರದಿಂದ ಉಸಿರಾಡುತ್ತದೆ, ಅದಕ್ಕೂ ಅದೇ ಗತಿ. ಮೀನಿರುವ ಹೊಂಡಕ್ಕೆ ಮಾತ್ರ ಎಣ್ಣೆ ಬೇಡ, ಮೇಲಿನ ಪದರದಲ್ಲಿ ಉಳಿದಿದ್ದ ಅಷ್ಟಿಷ್ಟೂ ಹೋದೀತು.

ಏರೋಪ್ಲೇನ್ ಚಿಟ್ಟೆಯ ಮರಿ ಮೇಲೆ ಬರುವುದೇ ಇಲ್ಲವಲ್ಲ?

ಅದಕ್ಕೆ ಕೊಳವೆಯೂ ಇದೆ, ಕಿವಿರೂ ಇದೆ. ಕಿವಿರು ಇರುವುದು ಗುದದ್ವಾರದ ಒಳಗೆ! ಹಿಂದಿನಿಂದ ನೀರೆಳೆದು, ಹಿಂದಿನಿಂದಲೇ ಬಿಡುತ್ತದೆ. ಗಾಬರಿಯಾದರೆ ಆ ನೀರನ್ನು ರಭಸವಾಗಿ ಚಿಮ್ಮಿ ಮುಂದಕ್ಕೆ ಹಾರುತ್ತದೆ. ಕಿವಿರಿನ ಒಳಗಿರುವುದು ರಕ್ತನಾಳವಲ್ಲ, ಗಾಳಿ ತುಂಬಿದ ಕಿರುನಾಳಗಳು. ನೀರಿನಿಂದ ಆಮ್ಲಜನಕ ಗೋಡೆ ದಾಟಿ ನೇರ ಗಾಳಿಯ ಕೊಳವೆಗೆ ಸೇರುತ್ತದೆ. ನೀರಿನ ಆಮ್ಲಜನಕವನ್ನೇ ನಂಬಿರುವುದರಿಂದ ಹೊಂಡ ಕೆಟ್ಟಾಗ ಮೀನಿನ ಜೊತೆ ಇದೂ ಕಷ್ಟಕ್ಕೆ ಬೀಳುತ್ತದೆ, ಗಿಡದ ಕಾಂಡ ಹತ್ತಿ ಮೇಲ್ಮೈಗೆ ಬರುತ್ತದೆ.

ಕೊಳವೆ ಇಷ್ಟು ಚೆನ್ನಾಗಿದ್ದರೆ ಬೆಕ್ಕಿನಷ್ಟು ದೊಡ್ಡ ಜಿರಳೆ ಯಾಕಿಲ್ಲ?

ಒಂದು ಸೆಂಟಿಮೀಟರಿಗೆ ಎರಡೂವರೆ ಸೆಕೆಂಡು ಅಂದರೆ ಹತ್ತು ಸೆಂಟಿಮೀಟರಿಗೆ ನಾಲ್ಕು ನಿಮಿಷ. ಮೈ ದೊಡ್ಡದಾದಷ್ಟೂ ಕೊಳವೆ ಉದ್ದವೂ ದಪ್ಪವೂ ಆಗಿ ಮೈಯಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ಕಾಲು ಸೇರುವ ಕಿರಿದಾದ ಕೀಲುಗಳಲ್ಲಿ ಜಾಗ ಸಾಲದು. ಸುಮಾರು 30 ಕೋಟಿ ವರ್ಷದ ಹಿಂದೆ ಎರಡು ಅಡಿಗೂ ಮಿಕ್ಕಿದ ರೆಕ್ಕೆಹರವಿನ, ಏರೋಪ್ಲೇನ್ ಚಿಟ್ಟೆಯ ದಾಯಾದಿಗಳಿದ್ದವು. ಆಗ ಗಾಳಿಯಲ್ಲಿ ಆಮ್ಲಜನಕ ಈಗಿನ 21 ಪಾಲಿಗಿಂತ ಹೆಚ್ಚಿತ್ತು ಅನ್ನುತ್ತಾರೆ. ಅದೊಂದೇ ಕಾರಣ ಅಂತ ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಹಿಡಿದು ತಿನ್ನುವ ಹಕ್ಕಿಗಳು ಆಗ ಇನ್ನೂ ಇರಲಿಲ್ಲ, ಮೈ ದೊಡ್ಡದಾದಷ್ಟೂ ಹೊರಗಿನ ಗಟ್ಟಿ ಚಿಪ್ಪು ಭಾರವಾಗುತ್ತದೆ ಅನ್ನುವ ಮಾತೂ ಇದೆ.

ನಮಗೂ ಕಿವಿರು ಕಟ್ಟಿಕೊಂಡರೆ ತುಂಗೆಯಲ್ಲಿ ಮುಳುಗಿರಬಹುದೇ?

ನನ್ನ ಮೊಮ್ಮಗಳ ಪ್ರಶ್ನೆ. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಲೀಟರ್ ನೀರಿನಿಂದ ಮೀನಿನಷ್ಟೇ ಚೆನ್ನಾಗಿ 5 ಮಿಲಿಲೀಟರ್ ಹೀರಿದೆವು ಅಂದರೂ ನಿಮಿಷಕ್ಕೆ 50 ಲೀಟರ್ ನೀರು ಕಿವಿರಿನ ಮೇಲೆ ಹಾಯಬೇಕು, ಅಂದರೆ ಮೂರು ದೊಡ್ಡ ಕೊಡಪಾನ, ಪ್ರತಿ ನಿಮಿಷ, ನಿದ್ದೆಯಲ್ಲೂ. "ಈಜಿದರೆ ಎಷ್ಟು ಅಜ್ಜ?" ಅಂತ ಕೇಳಿದಳು. ಐದಾರು ಪಟ್ಟು ಅಂದೆ. ತೋಟಕ್ಕೆ ನೀರು ಬಿಡುವ ಮೋಟರನ್ನೇ ಬೆನ್ನಿಗೆ ಕಟ್ಟಿಕೊಳ್ಳಬೇಕು ಹಾಗಾದರೆ ಅಂದಳು.